ಗೆಳತಿಯ ಮೊದಲ ಹಾಡಿನ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಕ್ಷಮೆ ಕೇಳುವ ಮೆಸೇಜಿನಲ್ಲಿ ಯಾವ ಇಮೋಜಿ, ಎಲ್ಲಿ ಹಾಕಲಿ?

ಮಳೆಬಿಲ್ಲು

ನನ್ನ ತುಂಬಾ ಹತ್ತಿರದ ಗೆಳತಿ ನಿನ್ನೆ ಸಂಜೆ ಮೊದಲ ಸಲ ವೇದಿಕೆ ಮೇಲೆ ಒಬ್ಬಳೇ ಹಾಡಿದಳು. ನಾನು ಹೋಗಲಿಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗೋಣ ಅಂತ ಮಲಗಿದ್ದೆ, ಎದ್ದಾಗ ಕಾರ್ಯಕ್ರಮ ಮುಗಿದಿತ್ತು. ಫೋನ್ ಸೈಲೆಂಟ್‌ನಲ್ಲಿತ್ತು. ಶುರುವಾಗುವ ಮುಂಚೆ ಅವಳು "ಎಲ್ಲಿದ್ದೀಯೇ?" ಅಂತ ವಾಟ್ಸಾಪ್‌ನಲ್ಲಿ ಕೇಳಿದ್ದಾಳೆ. ಅದನ್ನು ರಾತ್ರಿ ತೆರೆದು ನೋಡಿದೆ, ಏನು ಬರೆಯೋದು ಅಂತ ತೋಚದೆ ಹಾಗೇ ಬಿಟ್ಟೆ. ಈಗ ನೀಲಿ ಗುರುತು ಅವಳಿಗೂ ಕಾಣ್ತಾ ಇರುತ್ತೆ.

ಬರೆದಿಟ್ಟುಕೊಂಡಿರೋದು ಇದು, ಇನ್ನೂ ಕಳಿಸಿಲ್ಲ:

> ಸಾರಿ ಸಾರಿ ಕಣೇ 😅😅 ನಿನ್ನೆ ಬರಕ್ಕಾಗ್ಲಿಲ್ಲ, ನಿದ್ದೆ ಬಂದ್ಬಿಡ್ತು 🙈 ಹೇಗಾಯ್ತು ಪ್ರೋಗ್ರಾಂ? ಸೂಪರ್ ಆಗಿರುತ್ತೆ ಗೊತ್ತು 🔥 ವಿಡಿಯೋ ಕಳ್ಸು ಪ್ಲೀಸ್ 🥺🙏🙏🙏

ನಮ್ಮಿಬ್ಬರ ಚಾಟ್‌ನಲ್ಲಿ ಇಮೋಜಿ ಇಲ್ಲದ ಮೆಸೇಜ್ ಸಿಗೋದೇ ಕಷ್ಟ. ಒಂದೂ ಹಾಕದೆ ಬರೆದರೆ ನನಗೇನೋ ಕೋಪ ಇದೆ ಅನ್ನೋ ಹಾಗೆ ಕಾಣುತ್ತೆ. ಹಾಕಿದರೆ ವಿಷಯವನ್ನು ಹಗುರ ಮಾಡಿದ ಹಾಗೆ ಕಾಣುತ್ತೆ. ಫೋನ್ ಮಾಡಿದೆ, ಅವಳು ಎತ್ತಲಿಲ್ಲ. ಹಾಗಾಗಿ ಮೆಸೇಜೇ ಕಳಿಸಬೇಕು. ಏನು ಮಾಡಲಿ?

ನೇರಮಾತು

ಇಮೋಜಿ ಒಂದೂ ಬೇಡ. ಕ್ಷಮೆ ಕೇಳೋದು ಗಂಭೀರ ವಿಷಯ, ಅಲ್ಲಿ ಹಳದಿ ಮುಖಗಳಿಗೆ ಜಾಗ ಇಲ್ಲ. "ನನ್ನಿಂದ ತಪ್ಪಾಯಿತು, ಕ್ಷಮಿಸು" ಅಂತ ಬರೆದು ಕಳಿಸಿ. ನಿಮ್ಮ ಮೆಸೇಜ್ ಓದಿದರೆ ಬಸ್ ತಪ್ಪಿತು ಅಂತ ಹೇಳಿದ ಹಾಗಿದೆ.

ಹಳೇ ಗಡಿಯಾರ

ಕಾರ್ಯಕ್ರಮಕ್ಕೆ ಹೋಗಲಾಗದಿದ್ದರೂ ಶುಭಾಶಯ ಹೇಳೋದು ಒಳ್ಳೆಯ ಗುಣ. 💐👏🎉 ಹಾಕಿ "ನಿಮ್ಮ ಯಶಸ್ಸಿಗೆ ಅಭಿನಂದನೆಗಳು" ಅಂತ ಕಳಿಸಿ. ಗುಂಪಿನಲ್ಲೇ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತೆ, ಅವರಿಗೂ ಖುಷಿಯಾಗುತ್ತೆ.

ಮಳೆಬಿಲ್ಲು

@ಹಳೇ ಗಡಿಯಾರ ಶುಭಾಶಯದ ಮೆಸೇಜ್ ಅಲ್ಲ ಸರ್, ನಾನು ಕೇಳ್ತಿರೋದು ಕ್ಷಮೆಯದ್ದು. ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಗುಂಪಿನಲ್ಲಿ ಹಾಕೋದು ಖಂಡಿತ ಬೇಡ, ಇದು ನಮ್ಮಿಬ್ಬರ ನಡುವಿನ ವಿಷಯ.

ಅಲ್ಪವಿರಾಮ

ಜನ ಚಾಟ್‌ನಲ್ಲಿ ಹೇಗೆ ಬರೆಯುತ್ತಾರೆ ಅನ್ನೋದನ್ನು ಓದಿ, ಅದನ್ನೇ ಕೆಲಸ ಮಾಡಿಕೊಂಡವಳು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನೇರಮಾತು ಅವರು ಹೇಳಿದ್ದರಲ್ಲಿ ಅರ್ಧ ಸರಿ. ಆ ಮೆಸೇಜ್ ಹಗುರವಾಗಿದೆ, ಅದು ನಿಜ. ಆದರೆ ಅದನ್ನು ಹಗುರ ಮಾಡಿದ್ದು ಇಮೋಜಿ ಮಾತ್ರ ಅಲ್ಲ, ಅದು ಕೂತ ಜಾಗ. ಇಬ್ಬರು ಗೆಳತಿಯರು ದಿನಾ ಇಮೋಜಿ ಹಾಕಿಕೊಂಡೇ ಮಾತಾಡ್ತಿದ್ದಾರೆ ಅಂದರೆ, ಒಂದು ದಿನ ಒಂದೂ ಇಲ್ಲದ ಮೆಸೇಜ್ ಬಂದಾಗ ಅದೂ ಒಂದು ಸೂಚನೆಯೇ. ಓದುವವಳಿಗೆ ಅದು ದೂರ ಸರಿದ ಹಾಗೆ ಕಾಣಬಹುದು. ಹಾಗಾಗಿ ನಿಮ್ಮಿಬ್ಬರ ಮಟ್ಟಿಗೆ "ಇಮೋಜಿನೇ ಬೇಡ" ಅನ್ನೋದು ನನಗೆ ಸರಿ ಕಾಣಲಿಲ್ಲ.

ಈಗ ನಿಮ್ಮ ಸಾಲುಗಳನ್ನೇ ನೋಡೋಣ. "ಸಾರಿ" ಆದ ತಕ್ಷಣ 😅 ಬಂದಿದೆ. ಇದು ಬೆವರಿನ ಹನಿ ಇರುವ ನಗು. ಇಮೋಜಿಗಳ ಪಟ್ಟಿ ಮಾಡುವ ಯೂನಿಕೋಡ್ ಇದಕ್ಕೆ ಇಟ್ಟ ಹೆಸರಿನಲ್ಲೂ ಬಾಯಿ ತೆರೆದ ನಗು ಮತ್ತು ತಣ್ಣನೆಯ ಬೆವರು ಎರಡೂ ಇವೆ. ಅಬ್ಬಾ, ಸದ್ಯ ಪಾರಾದೆ ಅನ್ನುವಾಗ ಹಾಕುವ ಮುಖ ಅದು. ನಿಮಗೆ ಅದು ಮುಜುಗರ. ಅವಳಿಗೆ ಕಾಣೋದು ನೀವು ನಗ್ತಿರೋದು. 🙈 ಹಾಕಿದಾಗ ನಾಚಿಕೊಂಡು ಮುದ್ದಾಗಿ ಕಾಣುವ ಹಾಗಾಗುತ್ತೆ, ಅದೂ "ನಿದ್ದೆ ಬಂದ್ಬಿಡ್ತು" ಅನ್ನೋ ಕಾರಣದ ಪಕ್ಕದಲ್ಲೇ. ಅಲ್ಲಿ ಎರಡೂ ಸೇರಿ ತಪ್ಪನ್ನು ಒರೆಸಿ ಹಾಕುತ್ತವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಕೊನೆಯ 🥺. ಇದು ಬೇಡಿಕೊಳ್ಳುವ ಮುಖ. ಇದನ್ನು ನೋಡಿದವರಿಗೆ ಸಮಾಧಾನ ಮಾಡಬೇಕು ಅನ್ನಿಸುತ್ತೆ. ಇಲ್ಲಿ ಬೇಜಾರಾಗಿರೋದು ಅವಳಿಗೆ. ಈ ಮುಖ ಕಳಿಸಿದರೆ "ಪರವಾಗಿಲ್ಲ ಬಿಡೇ" ಅಂತ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ, ಮನಸ್ಸಲ್ಲಿ ನೋವಿದ್ದರೂ.

ನಾನು ಪಾಲಿಸುವ ನಿಯಮ ಒಂದೇ. ತಪ್ಪನ್ನು ಹೇಳುವ ಸಾಲಿಗೆ ಮತ್ತು ಕಾರಣ ಹೇಳುವ ಸಾಲಿಗೆ ಇಮೋಜಿ ಇಲ್ಲ, ಅಲ್ಲಿ ಪೂರ್ಣವಿರಾಮ. ಅವಳ ಬಗ್ಗೆ ಹೇಳುವ ಸಾಲಿಗೆ, ನಿಮ್ಮ ಪ್ರೀತಿ ಹೇಳುವ ಸಾಲಿಗೆ ಇಮೋಜಿ ಬರಬಹುದು. ಪದದ ಬದಲು ಇಮೋಜಿ ಬೇಡ, ಪದ ಆದ ಮೇಲೆ ಬರಲಿ. ಅಂದರೆ ಇಮೋಜಿಗಳನ್ನೆಲ್ಲ ಅಳಿಸಿ ಓದಿದರೂ ಕ್ಷಮೆ ಪೂರ್ತಿ ಅಲ್ಲೇ ಇರಬೇಕು.

ಎರಡನೇ ಸಾಲು

ನಾನು ಇದರ ಇನ್ನೊಂದು ಕಡೆ ಇದ್ದವನು. ನನ್ನ ನಾಟಕಕ್ಕೆ ಬರ್ತೀನಿ ಅಂದ ಗೆಳೆಯ ಬರಲಿಲ್ಲ, ಮಾರನೇ ದಿನ "ಮಚ್ಚಾ ಮಿಸ್ ಆಯ್ತು 😭😭😭😭" ಅಂತ ಒಂದು ಸಾಲು ಬಂತು. ನಮ್ಮ ಗುಂಪಿನಲ್ಲಿ ನಗು ತಡೆಯಲಾಗದಾಗ ಹಾಕೋದು ಅದನ್ನೇ. ಹಿಂದಿನ ದಿನ ಯಾರೋ ಜಾರಿ ಬಿದ್ದ ವಿಡಿಯೋಗೂ ಅವನು ಅದೇ ನಾಲ್ಕು ಮುಖ ಹಾಕಿದ್ದ! ಅವನಿಗೆ ನಿಜವಾಗಿ ಬೇಜಾರಾಗಿತ್ತು ಅಂತ ಆಮೇಲೆ ಗೊತ್ತಾಯಿತು, ಆದರೆ ಆ ಹೊತ್ತಿಗೆ ನನಗೆ ತಡೆಯಲಾರದಷ್ಟು ಸಿಟ್ಟು ಬಂದಿತ್ತು. ಹಾಗಾಗಿ ಆ ಗೆಳತಿ ಜೊತೆ ನೀವು ಯಾವ ಮುಖವನ್ನು ಯಾವುದಕ್ಕೆ ಬಳಸಿದ್ದೀರಿ ಅಂತ ಮೇಲಕ್ಕೆ ಸರಿಸಿ ಒಮ್ಮೆ ನೋಡಿಕೊಳ್ಳಿ. ತಮಾಷೆಗೆ ಹಾಕಿದ ಮುಖ ಇಲ್ಲಿ ಬೇಡ.

ಅಲ್ಪವಿರಾಮ

@ಎರಡನೇ ಸಾಲು ಇದು ತುಂಬಾ ಮುಖ್ಯವಾದ ಮಾತು, ನಾನು ಬಿಟ್ಟಿದ್ದೆ. 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಮೋಜಿಗಳನ್ನು ಜನರಿಗೆ ತೋರಿಸಿ ಅರ್ಥ ಕೇಳಿದ್ದರು. ಒಂದೇ ಕಂಪನಿಯ ಒಂದೇ ಚಿತ್ರ ನೋಡಿದವರಲ್ಲೂ ಅದು ಒಳ್ಳೆಯ ಭಾವನೆಯೋ, ಕೆಟ್ಟದ್ದೋ, ಎರಡೂ ಅಲ್ಲವೋ ಅನ್ನೋದರಲ್ಲಿ ಸುಮಾರು ನಾಲ್ಕಕ್ಕೆ ಒಂದು ಸಲ ಒಮ್ಮತ ಇರಲಿಲ್ಲ. ಆಗ 😁 ಆಪಲ್ ಫೋನಿನಲ್ಲಿ ಹಲ್ಲು ಕಚ್ಚಿಕೊಂಡ ಹಾಗೆ ಕಾಣ್ತಿತ್ತು, ಬೇರೆ ಫೋನುಗಳಲ್ಲಿ ಹಾಯಾಗಿ ನಗುವ ಹಾಗಿತ್ತು. ಆಮೇಲೆ ಚಿತ್ರಗಳು ಒಂದಕ್ಕೊಂದು ಹತ್ತಿರ ಬಂದಿವೆ. ಆದರೂ ಮುಖಗಳ ವಿಷಯದಲ್ಲಿ ಎಚ್ಚರ ಬೇಕು. ಹೃದಯ, ಹೂವು ಇಂಥವುಗಳಲ್ಲಿ ತಪ್ಪು ತಿಳಿಯುವ ಅವಕಾಶ ಕಡಿಮೆ.

ನೇರಮಾತು

ಹಾಗಾದರೆ ನನ್ನ ಮಾತೇ ಸರಿಯಾಯಿತಲ್ಲ? ಅರ್ಥ ಇಷ್ಟು ಜಾರುತ್ತೆ ಅಂದಮೇಲೆ ಯಾಕೆ ಹಾಕಬೇಕು?

ಅಲ್ಪವಿರಾಮ

ಅಪರಿಚಿತರಿಗೆ ಬರೆಯುವಾಗ ನಿಮ್ಮ ಮಾತು ಸರಿ. ಇಲ್ಲಿ ಇಬ್ಬರ ನಡುವೆ ಹಳೆಯ ಚಾಟ್ ಇದೆ, ಅರ್ಥ ಅಲ್ಲೇ ಸಿಗುತ್ತೆ. ಅದಿಲ್ಲದಿದ್ದರೆ ನಾನೂ ಬೇಡ ಅಂತಲೇ ಹೇಳ್ತಿದ್ದೆ.

ಕಿವಿಯಿಂದ ಓದುವವ

ಇನ್ನೊಂದು ವಿಷಯ ಸೇರಿಸುತ್ತೇನೆ. ನನಗೆ ಕಣ್ಣು ಕಾಣಿಸೋದಿಲ್ಲ, ಫೋನ್ ಎಲ್ಲವನ್ನೂ ಓದಿ ಹೇಳುತ್ತೆ. ಇಮೋಜಿ ಬಂದರೆ ಅದರ ಹೆಸರನ್ನು ಓದುತ್ತೆ. 🙏🙏🙏 ಅಂತ ಬಂದರೆ "ಮಡಚಿದ ಕೈಗಳು" ಅನ್ನೋ ಥರದ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತೆ. ಸಾಲಿನ ನಡುವೆ ಇದ್ದರೆ ವಾಕ್ಯ ಅಲ್ಲೇ ತುಂಡಾಗುತ್ತೆ, ಆಮೇಲೆ ಏನು ಹೇಳಿದರು ಅಂತ ಮತ್ತೆ ಮೊದಲಿಂದ ಕೇಳಬೇಕು. ಸಾಲಿನ ಕೊನೆಯಲ್ಲಿ ಒಂದೇ ಒಂದು ಇದ್ದರೆ ಚೆನ್ನಾಗಿ ಕೇಳಿಸುತ್ತೆ, ನನಗೂ ಆ ಆತ್ಮೀಯತೆ ತಲುಪುತ್ತೆ. ಇಮೋಜಿ ಬೇಡ ಅಂತ ನಾನು ಹೇಳೋದಿಲ್ಲ.

ಅಂದಹಾಗೆ, ನೀವು "ಬರಕ್ಕಾಗ್ಲಿಲ್ಲ" ಅಂತ ಬರೆದಿದ್ದೀರಿ. ಕೇಳುವಾಗ ನನಗೆ ಮೊದಲು ತಟ್ಟಿದ್ದು ಅದು. ಯಾರೋ ತಡೆದ ಹಾಗಿದೆ. ನೀವು ಇಲ್ಲಿ ನಮಗೆ "ನಾನು ಹೋಗಲಿಲ್ಲ" ಅಂತ ನೇರವಾಗಿ ಬರೆದಿದ್ದೀರಿ. ಅವಳಿಗೂ ಹಾಗೇ ಬರೆಯಿರಿ.

ಮಳೆಬಿಲ್ಲು

ಎಲ್ಲರಿಗೂ ಧನ್ಯವಾದ, ನಿಜವಾಗಿಯೂ. ಹಳೆಯ ಚಾಟ್ ನೋಡಿದೆ. 😅 ನಾವು ಅಡುಗೆ ಸೀದುಹೋದರೂ ಹಾಕುತ್ತೇವೆ, ಅಷ್ಟು ಹಗುರ. 😔 ಮಾತ್ರ ಇಬ್ಬರೂ ನಿಜವಾಗಿ ಬೇಜಾರಾದಾಗಲೇ ಹಾಕಿದ್ದೇವೆ. ❤️ ಮೆಸೇಜಿನ ಕೊನೆಗೆ ಯಾವಾಗಲೂ ಇರುತ್ತೆ. ಇದು ಹೇಗಿದೆ ನೋಡಿ:

> ನಿನ್ನೆ ನಾನು ಬರಲಿಲ್ಲ, ಸಾರಿ ಕಣೇ 😔 ಮಧ್ಯಾಹ್ನ ಮಲಗಿದ್ದೆ, ವಾರ ಪೂರ್ತಿ ಕೆಲಸ ಜಾಸ್ತಿ ಇತ್ತು, ತಲೆನೋವು ಬೇರೆ, ಫೋನ್ ಸೈಲೆಂಟ್ ಆಗಿತ್ತು. ನಿನಗೆ ಬೇಜಾರಾಗಿದ್ದರೆ ಕ್ಷಮಿಸು. ವಿಡಿಯೋ ಇದ್ದರೆ ಕಳಿಸು, ಈಗಲೇ ನೋಡ್ತೀನಿ ❤️ ಪ್ಲೀಸ್ ಕೋಪ ಮಾಡ್ಕೋಬೇಡ 😔

ಅಲ್ಪವಿರಾಮ

ಮೊದಲ ಸಾಲಿನ ಮಾತು ಚೆನ್ನಾಗಿದೆ, 😔 ಮಾತ್ರ ಅಲ್ಲಿ ಬೇಡ. ಉಳಿದದ್ದು ಮೊದಲಿನದ್ದಕ್ಕಿಂತ ಉತ್ತಮ, ಆದರೆ ಮೂರು ಕಡೆ ಕೈ ಹಾಕುತ್ತೇನೆ.

ಒಂದು, ಕಾರಣಗಳ ಸಾಲು. ಕೆಲಸ, ತಲೆನೋವು, ಸೈಲೆಂಟ್ ಅಂತ ಒಂದರ ಮೇಲೊಂದು ಪೇರಿಸಿದರೆ ಓದುವವಳು ಒಂದೊಂದನ್ನೂ ತೂಗಿ ನೋಡಲು ಶುರು ಮಾಡ್ತಾಳೆ. ಮಲಗಿದೆ, ಅಲಾರಂ ಇಟ್ಟಿರಲಿಲ್ಲ. ಇಷ್ಟೇ ಸಾಕು. ಮತ್ತೆ, ಅವಳ "ಎಲ್ಲಿದ್ದೀಯೇ?" ನೋಡಿ ಉತ್ತರ ಕೊಡದೇ ಇದ್ದದ್ದು ಈ ಮೆಸೇಜಿನಲ್ಲಿ ಎಲ್ಲೂ ಇಲ್ಲ! ಅವಳ ತಲೆಯಲ್ಲಿ ಓಡ್ತಿರೋದು ಬಹುಶಃ ಅದೇ. ನಿದ್ದೆ ಹೋದದ್ದಕ್ಕಿಂತ ಅದು ದೊಡ್ಡದು, ಯಾಕೆಂದರೆ ಆಗ ನೀವು ಎಚ್ಚರವಾಗಿದ್ದಿರಿ.

ಎರಡು, "ಬೇಜಾರಾಗಿದ್ದರೆ ಕ್ಷಮಿಸು". ಆ "ಆಗಿದ್ದರೆ" ತೆಗೆಯಿರಿ. ಬೇಜಾರಾಗಿದೆ, ನಿಮಗೂ ಗೊತ್ತು.

ಮೂರು, "ಕೋಪ ಮಾಡ್ಕೋಬೇಡ 😔". ಮತ್ತೆ ಅವಳ ಮೇಲೆ ಕೆಲಸ ಹೊರಿಸಿದ ಹಾಗಾಯಿತು. ಅದೇ 2016ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಯವರು ಕ್ಷಮೆಯ ಆರು ಭಾಗಗಳನ್ನು ಬೇರೆ ಬೇರೆ ಮಾಡಿ ಜನರ ಮುಂದಿಟ್ಟಿದ್ದರು. ಜನರಿಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ತಪ್ಪು ನನ್ನದು ಅಂತ ಒಪ್ಪಿಕೊಳ್ಳೋದು, ಆಮೇಲೆ ಅದನ್ನು ಸರಿಪಡಿಸುತ್ತೇನೆ ಅನ್ನೋದು. ಎಲ್ಲಕ್ಕಿಂತ ಕಡಿಮೆ ಬೆಲೆ ಸಿಕ್ಕಿದ್ದು ಕ್ಷಮಿಸು ಅಂತ ಬೇಡುವುದಕ್ಕೆ. ಅವರು ಕೊಟ್ಟಿದ್ದು ಉದ್ಯೋಗಕ್ಕೆ ಸಂಬಂಧಿಸಿದ ಸನ್ನಿವೇಶ, ಗೆಳೆತನದ್ದಲ್ಲ, ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಆದರೂ ನಿಮ್ಮ ಮೆಸೇಜಿನಲ್ಲಿ ಬೇಡುವುದು ಜಾಸ್ತಿ, ಒಪ್ಪಿಕೊಳ್ಳುವುದು ಕಡಿಮೆ ಇದೆ.

ಎರಡನೇ ಸಾಲು

ವಿಡಿಯೋ ಕೇಳೋದರ ಬಗ್ಗೆ ನಾನು ಹೇಳ್ತೀನಿ. ಬೇಡ. ನನಗೂ ಆ ಗೆಳೆಯ ವಿಡಿಯೋ ಕೇಳಿದ್ದ. ಅಂದರೆ ಬಾರದವನಿಗೋಸ್ಕರ ನಾನು ಹುಡುಕಿ ಕಳಿಸಬೇಕು, ಅವನು ಅದನ್ನು ಓಡಿಸಿ ನೋಡಿ 🔥 ಒತ್ತಿದರೆ ಲೆಕ್ಕ ಮುಗಿಯಿತು ಅನ್ನೋ ಥರ ಅನ್ನಿಸಿತು.

ಕಿವಿಯಿಂದ ಓದುವವ

ನನಗೆ ಹಾಗನ್ನಿಸೋದಿಲ್ಲ. ಹಾಡಿದವರಿಗೆ ತಮ್ಮ ಹಾಡನ್ನು ಆಪ್ತರು ಕೇಳಬೇಕು ಅನ್ನೋ ಆಸೆ ಇದ್ದೇ ಇರುತ್ತೆ. ಕೇಳಲೇ ಇಲ್ಲ ಅಂದರೆ ಇವಳಿಗೆ ಆಸಕ್ತಿಯೇ ಇಲ್ಲ ಅಂತಾಗುತ್ತೆ. ಕೇಳೋದು ತಪ್ಪಲ್ಲ, ಮೊದಲ ಮೆಸೇಜಿನಲ್ಲೇ ಕೇಳೋದು ಅವಸರ ಅಷ್ಟೇ.

ಎರಡನೇ ಸಾಲು

ಇರಬಹುದು. ನನಗಂತೂ ಎರಡನೇ ಮೆಸೇಜಿನಲ್ಲಿ ಕೇಳಿದ್ದರೂ ಸಿಟ್ಟೇ ಬರ್ತಿತ್ತು.

ಅಲ್ಪವಿರಾಮ

ಕಳಿಸುವ ಬಗ್ಗೆಯೂ ಎರಡು ಮಾತು. ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. "ಸಾರಿ" ಒಂದು, ಕಾರಣ ಒಂದು, ❤️ ಒಂದು ಅಂತ ತುಂಡು ತುಂಡಾಗಿ ಕಳಿಸಿದರೆ ಕೊನೆಯ ಹೃದಯ ಒಂದೇ ದೊಡ್ಡದಾಗಿ ಪರದೆ ಮೇಲೆ ಬಡಿದುಕೊಳ್ಳುತ್ತಾ ಕೂರುತ್ತೆ. ವಾಟ್ಸಾಪ್‌ನಲ್ಲಿ ಒಂಟಿ ಕೆಂಪು ಹೃದಯ ಹಾಗೇ ಕಾಣೋದು. ನೀವು ಮೆಲ್ಲಗೆ ಹೇಳಬೇಕು ಅಂದುಕೊಂಡದ್ದು ಅಲ್ಲಿ ಎಲ್ಲಕ್ಕಿಂತ ಜೋರಾಗುತ್ತೆ. ಇನ್ನೊಂದು, ಫೋನ್ ಲಾಕ್ ತೆರೆಯುವ ಮುಂಚೆಯೇ ಮೆಸೇಜಿನ ಮೊದಲ ಸಾಲು ಪರದೆ ಮೇಲೆ ಕಾಣುತ್ತೆ. ಅವಳು ತೆರೆಯದೇ ಅಷ್ಟನ್ನೇ ಓದಿ ಬದಿಗಿಡಬಹುದು. ಆ ಸಾಲಿನಲ್ಲಿ "ನಾನು ಬರಲಿಲ್ಲ" ಇರಲಿ, ಇಮೋಜಿ ಬೇಡ.

ಕಳಿಸಿದ ಮೇಲೆ 15 ನಿಮಿಷದವರೆಗೆ ತಿದ್ದಬಹುದು, ಆದರೆ ತಿದ್ದಿದ್ದು ಅಂತ ಗುರುತು ಬೀಳುತ್ತೆ. ಹೊಸ ಇಮೋಜಿಗಳೂ ಬೇಡ. 🫂 ಯೂನಿಕೋಡ್‌ಗೆ ಬಂದದ್ದು 2020ರಲ್ಲಿ, ಹಳೆಯ ಫೋನಿನಲ್ಲಿ ಬರೀ ಒಂದು ಚೌಕ ಕಾಣಬಹುದು. ಅಪ್ಪುಗೆ ಕಳಿಸಲು ಹೋಗಿ ಖಾಲಿ ಡಬ್ಬಿ ತಲುಪಿದರೆ ಏನು ಪ್ರಯೋಜನ?

ನೇರಮಾತು

ಅವಳ "ಎಲ್ಲಿದ್ದೀಯೇ?" ಮೆಸೇಜಿಗೇ ಉತ್ತರವಾಗಿ, ಅದನ್ನು ಎಳೆದು ಹಿಡಿದು ಕಳಿಸಿ. ಆಗ ಪ್ರಶ್ನೆ ಮೇಲೆ ಕಾಣುತ್ತೆ, ಉತ್ತರ ಕೆಳಗೆ. ತಪ್ಪಿಸಿಕೊಳ್ಳುವ ದಾರಿ ಇರೋದಿಲ್ಲ.

ಅಲ್ಪವಿರಾಮ

ಇದು ಒಳ್ಳೆಯ ಯೋಚನೆ, ನನಗೆ ಹೊಳೆದಿರಲಿಲ್ಲ.

ಎರಡನೇ ಸಾಲು

ನನಗೆ ಅಷ್ಟು ಸರಿ ಕಾಣಲ್ಲ. ನಿಮಗಾಗಿ ಕಾಯ್ತಾ ಬರೆದ ಮೆಸೇಜನ್ನು ಅವಳ ಕಣ್ಣೆದುರು ಮತ್ತೆ ಹಿಡಿದ ಹಾಗೆ ಆಗುತ್ತಲ್ಲ? ಮಾತಿನಲ್ಲಿ ಹೇಳಿದರೆ ಸಾಕು.

ಮಳೆಬಿಲ್ಲು

ತುಂಬಾ ಹೊತ್ತು ಯೋಚಿಸಿ ಇದನ್ನು ಕಳಿಸಿದೆ. ಅವಳ ಮೆಸೇಜನ್ನು ಹಿಡಿದು ಕಳಿಸಲಿಲ್ಲ, ಎರಡನೇ ಸಾಲು ಅವರು ಹೇಳಿದ್ದು ಅವಳ ಸ್ವಭಾವಕ್ಕೆ ಸರಿ ಅನ್ನಿಸಿತು.

> ನಿನ್ನೆ ನಾನು ಬರಲಿಲ್ಲ. ನೀನು ಎಲ್ಲಿದ್ದೀಯೇ ಅಂತ ಕೇಳಿದ್ದನ್ನು ರಾತ್ರಿ ನೋಡಿಯೂ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಮಲಗಿದ್ದೆ, ಅಲಾರಂ ಇಟ್ಟಿರಲಿಲ್ಲ, ತಪ್ಪು ನನ್ನದೇ. ಸಾರಿ ಕಣೇ. ಮೊದಲ ಸಲ ಒಬ್ಬಳೇ ಹಾಡುವಾಗ ಎದುರಿಗೆ ನಾನು ಕೂತಿರಬೇಕು ಅಂತ ನೀನು ಎಷ್ಟು ಸಲ ಹೇಳಿದ್ದೆ 😔 ಈ ವಾರ ನಿನಗೆ ಮನಸ್ಸಾದ ದಿನ ಹೇಳು, ನಾನೇ ಬರ್ತೀನಿ, ಎಲ್ಲವನ್ನೂ ನಿನ್ನ ಬಾಯಲ್ಲೇ ಕೇಳಬೇಕು. ಈಗಲೇ ಉತ್ತರ ಕೊಡಬೇಕು ಅಂತೇನಿಲ್ಲ ❤️

ಕಿವಿಯಿಂದ ಓದುವವ

ಫೋನ್ ಓದಿ ಹೇಳಿದಾಗ ಪೂರ್ತಿ ಕೇಳಿದೆ. ಎಲ್ಲೂ ತುಂಡಾಗಲಿಲ್ಲ. ಎರಡೂ ಇಮೋಜಿ ಸರಿಯಾದ ಜಾಗದಲ್ಲಿವೆ.

ಹಳೇ ಗಡಿಯಾರ

ಈಗ ನನಗೆ ಪ್ರಶ್ನೆ ಅರ್ಥವಾಯಿತು. ಮೊದಲು ಅವಸರದಲ್ಲಿ ಓದಿದ್ದೆ. ಆದರೂ ಒಂದು ಮಾತು: ಹಾಡಿದ್ದಕ್ಕೆ ಒಂದು ಅಭಿನಂದನೆಯ ಮಾತೂ ಇಲ್ಲವಲ್ಲ?

ಅಲ್ಪವಿರಾಮ

ಅದು ನನಗೂ ಕಂಡಿತು. ಕೇಳದ ಹಾಡನ್ನು ಹೊಗಳಿದರೆ ಪೊಳ್ಳಾಗುತ್ತೆ ಅಂತ ನಾನು ಸುಮ್ನಿದ್ದೆ. ಮೊದಲ ಸಲ ಒಬ್ಬಳೇ ವೇದಿಕೆ ಹತ್ತಿದ್ದಕ್ಕೆ ಮಾತ್ರ ಒಂದು ಸಾಲು ಹಾಕಬಹುದಿತ್ತೇನೋ. ಭೇಟಿಯಾದಾಗ ಹೇಳಲಿ ಬಿಡಿ.

ಮಳೆಬಿಲ್ಲು

ಉತ್ತರ ಬಂತು. "ಹ್ಮ್. ಓದಿದೆ. ಶನಿವಾರ ನೋಡೋಣ." ಅಷ್ಟೇ. ಇಮೋಜಿ ಒಂದೂ ಇಲ್ಲ. ನನ್ನ ಮೆಸೇಜಿನ ಮೇಲೂ ಏನೂ ಒತ್ತಿಲ್ಲ. ಇನ್ನೂ ಕೋಪ ಇದೆ ಅಂತ ತಾನೆ?

ನೇರಮಾತು

ಶನಿವಾರ ಅಂದಿದ್ದಾಳಲ್ಲ, ಇನ್ನೇನು ಬೇಕು? ಕೋಪ ಇದ್ದವರು ದಿನ ಹೇಳೋದಿಲ್ಲ.

ಎರಡನೇ ಸಾಲು

ಕೋಪ ಇದೆ ಅಂತಲೇ ನನಗನ್ನಿಸುತ್ತೆ, ಇದ್ದರೂ ತಪ್ಪೇನಿಲ್ಲ. ನಾನೂ ಹಾಗೇ ಉತ್ತರಿಸಿದ್ದೆ. ಬೇಜಾರು ಹೋಗುವ ಮುಂಚೆ ❤️ ಹಾಕಿದರೆ ಸುಳ್ಳು ಹೇಳಿದ ಹಾಗಾಗುತ್ತೆ ಅನ್ನಿಸಿತ್ತು ನನಗೆ.

ಅಲ್ಪವಿರಾಮ

ಆ ನಾಲ್ಕು ಪದಗಳಿಂದ ಅವಳ ಮನಸ್ಸು ಏನು ಅಂತ ನಾನು ಹೇಳಲಾರೆ. ಈಗ "ಇನ್ನೂ ಕೋಪಾನಾ? 🥺" ಅಂತ ಮಾತ್ರ ಕಳಿಸಬೇಡಿ. "ಸರಿ ಕಣೇ, ಶನಿವಾರ ಬರ್ತೀನಿ" ಅಂತ ಅವಳ ಉತ್ತರದಷ್ಟೇ ಚಿಕ್ಕದಾಗಿ ಬರೆಯಿರಿ.

ಮಳೆಬಿಲ್ಲು

ಕೊನೆಗೆ ❤️ ಹಾಕಲಾ, ಬೇಡವಾ?

ಕಿವಿಯಿಂದ ಓದುವವ

ಹಾಕಿ. ಯಾವಾಗಲೂ ಇರುತ್ತೆ ಅಂದಿರಲ್ಲ.

ನೇರಮಾತು

ಬೇಡ. ಅವಳು ಹಾಕಿಲ್ಲ, ನೀವೂ ಹಾಕಬೇಡಿ. ಶನಿವಾರ ಎಷ್ಟು ಗಂಟೆಗೆ ಅಂತ ಕೇಳಿ, ಈ ಸಲ ಅಲಾರಂ ಇಡಿ.